ಮೇಸ್ತ್ರಿಗೆ ಇಂಗ್ಲಿಷಿನಲ್ಲಿ ಏನಂತಾರೆ? ಗಲ್ಫ್ ಕೆಲಸಕ್ಕೆ ರೆಸ್ಯೂಮೆ ಬರೆಯುವ ಬಗೆ

ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಸಂಘದ ನೋಟಿಸು, ಅರ್ಜಿ, ಜೊತೆಗೆ ರೆಸ್ಯೂಮೆ. ಕನ್ನಡದಲ್ಲಿ ಬರೆದು ತಂದ ಹಾಳೆಯನ್ನು ಮುಂದಿಟ್ಟು "ಅಕ್ಕಾ, ಇದನ್ನು ಇಂಗ್ಲಿಷ್ ಮಾಡಿ ಕೊಡಿ, ದುಬೈಗೆ ಕಳಿಸಬೇಕು" ಅನ್ನುವವರು ವಾರಕ್ಕೆ ಇಬ್ಬರು ಮೂವರಾದರೂ ಇರುತ್ತಾರೆ.

ಹೋದ ವರ್ಷ ಬದಿಯಡ್ಕ ಕಡೆಯ ಒಬ್ಬ ಹುಡುಗ ಬಂದಿದ್ದ. ಕೈಯಲ್ಲಿ ಎರಡು ಹಾಳೆ. ಒಂದು ಅವನೇ ಕನ್ನಡದಲ್ಲಿ ಬರೆದದ್ದು, ಇನ್ನೊಂದು ಬೇರೆ ಕಡೆ ಇಂಗ್ಲಿಷ್ ಮಾಡಿಸಿದ್ದು. ಕನ್ನಡದಲ್ಲಿ "ವೈರಿಂಗ್ ಮೇಸ್ತ್ರಿ, ಎಂಟು ವರ್ಷ ಅನುಭವ, ಐಟಿಐ ಪಾಸ್" ಎಂದಿತ್ತು. ಇಂಗ್ಲಿಷಿನಲ್ಲಿ ಅದು "ಎಲೆಕ್ಟ್ರಿಕಲ್ ಮಾಸ್ಟರ್, ಐಟಿಐ ಡಿಪ್ಲೊಮಾ" ಎಂದಾಗಿತ್ತು. ಮೂರು ಕಡೆ ಕಳಿಸಿದ್ದನಂತೆ. ಎರಡು ಕಡೆಯಿಂದ ಉತ್ತರವೇ ಇಲ್ಲ. ಒಂದು ಕಡೆಯವರು ಫೋನ್ ಮಾಡಿ "ಡಿಪ್ಲೊಮಾ ಸರ್ಟಿಫಿಕೇಟ್ ಕಳಿಸಿ" ಅಂದರು. ಇವನ ಹತ್ತಿರ ಡಿಪ್ಲೊಮಾ ಇಲ್ಲ. ಮಾತು ಅಲ್ಲಿಗೇ ನಿಂತಿತು.

ಹುಡುಗ ಸುಳ್ಳು ಹೇಳಿರಲಿಲ್ಲ. ಕೆಲಸವೂ ಚೆನ್ನಾಗಿಯೇ ಗೊತ್ತಿತ್ತು. ಪದಕ್ಕೆ ಪದ ಇಟ್ಟವರು ಕೆಲಸ ಏನೆಂದು ಕೇಳಿರಲಿಲ್ಲ, ಅಷ್ಟೇ. ಅವನ ರೆಸ್ಯೂಮೆಯನ್ನು ಹೇಗೆ ತಿದ್ದಿದೆವು ಅನ್ನುವುದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ನಿಮ್ಮ ಕೆಲಸ ಬೇರೆ ಇರಬಹುದು, ದಾರಿ ಇದೇ.

ಮೊದಲು ಕನ್ನಡದಲ್ಲೇ ಬಿಡಿಸಿ

ಇಂಗ್ಲಿಷಿಗೆ ಕೈ ಹಾಕುವ ಮೊದಲು ಹುದ್ದೆಯ ಪದವನ್ನು ಪಕ್ಕಕ್ಕಿಡಿ. ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತೀರಿ ಅನ್ನುವುದನ್ನು ಹತ್ತು ಸಾಲು ಕನ್ನಡದಲ್ಲಿ ಬರೆಯಿರಿ.

ಯಾಕೆಂದರೆ ನಮ್ಮ ಊರಿನ ಕೆಲಸದ ಹೆಸರುಗಳು ಬಹಳ ಅಗಲ. "ಮೇಸ್ತ್ರಿ" ಅನ್ನುವುದನ್ನೇ ನೋಡಿ. ಕಲ್ಲು ಕಟ್ಟುವವನೂ ಮೇಸ್ತ್ರಿ, ಹತ್ತು ಜನರನ್ನು ಇಟ್ಟುಕೊಂಡು ಕೆಲಸ ಮಾಡಿಸುವವನೂ ಮೇಸ್ತ್ರಿ, ಕೆಲಸ ಚೆನ್ನಾಗಿ ಗೊತ್ತಿದೆ ಎಂದು ಗೌರವಕ್ಕೆ ಕರೆಸಿಕೊಳ್ಳುವವನೂ ಮೇಸ್ತ್ರಿ. ಇಂಗ್ಲಿಷಿನಲ್ಲಿ ಇವು ಮೂರು ಬೇರೆ ಬೇರೆ ಹುದ್ದೆ. ಮೊದಲನೆಯವನು ಮೇಸನ್. ಎರಡನೆಯವನು ಫೋರ್‌ಮನ್, ಅಥವಾ ಸಣ್ಣ ಗುಂಪಾದರೆ ಚಾರ್ಜ್‌ಹ್ಯಾಂಡ್. ಮೂರನೆಯವನು ತನ್ನ ಕಸುಬಿನ ಹೆಸರನ್ನೇ ಬರೆಯಬೇಕು, ಎಲೆಕ್ಟ್ರಿಷಿಯನ್ ಅಥವಾ ಪ್ಲಂಬರ್ ಎಂದು. "ಮಾಸ್ಟರ್" ಅಂದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ.

ಅಂಗಡಿಯಲ್ಲಿ ಲೆಕ್ಕ ಬರೆಯುವವರನ್ನು ನಾವು "ರೈಟರ್" ಅನ್ನುತ್ತೇವೆ. ಹಾಗೇ ಬರೆದರೆ ಅಲ್ಲಿಯವರಿಗೆ ಅವರು ಕತೆ, ಲೇಖನ ಬರೆಯುವವರು. ಅವರು ಅಕೌಂಟ್ಸ್ ಕ್ಲರ್ಕ್. ಸಹಕಾರಿ ಬ್ಯಾಂಕಿನ "ಸೆಕ್ರೆಟರಿ" ನಮ್ಮಲ್ಲಿ ಬ್ಯಾಂಕಿನ ಅತಿ ದೊಡ್ಡ ಅಧಿಕಾರಿ. ಹೊರಗಿನವರಿಗೆ ಸೆಕ್ರೆಟರಿ ಅಂದರೆ ಮ್ಯಾನೇಜರ್ ಕೋಣೆಯ ಹೊರಗೆ ಕೂತು ಟೈಪ್ ಮಾಡುವ ಸಹಾಯಕರು. ಇಂಥ ಕಡೆ ನೇಮಕದ ಆರ್ಡರಿನಲ್ಲಿರುವ ಪದವನ್ನು ಹಾಗೇ ಇಟ್ಟು, ಪಕ್ಕದಲ್ಲಿ "ಚೀಫ್ ಎಕ್ಸಿಕ್ಯೂಟಿವ್ ಆಫ್ ದ ಬ್ಯಾಂಕ್" ಎಂಬ ವಿವರಣೆ ಕೊಡಬೇಕು. ಆರ್ಡರಿನಲ್ಲಿರುವ ಹುದ್ದೆಯ ಹೆಸರನ್ನು ಪೂರ್ತಿ ಬದಲಿಸಬೇಡಿ. ಅನುಭವದ ಸರ್ಟಿಫಿಕೇಟಿನಲ್ಲಿ ಒಂದು, ರೆಸ್ಯೂಮೆಯಲ್ಲಿ ಇನ್ನೊಂದು ಎಂದಾದರೆ ಅನುಮಾನ ಬರುತ್ತದೆ.

ಮಾಡಿದೆ, ಮಾಡಿಸಿದೆ, ನೋಡಿಕೊಂಡೆ

ನಾನು ಅತಿ ಹೆಚ್ಚು ಹೊತ್ತು ಕೂರುವುದು ಇಲ್ಲಿ. ಕನ್ನಡದಲ್ಲಿ ಒಂದು "ಮಾಡು" ಇದ್ದರೆ ಸಾಕು, ಎಲ್ಲ ಕೆಲಸವೂ ಆಗುತ್ತದೆ. ವೈರಿಂಗ್ ಮಾಡಿದೆ, ರಿಪೇರಿ ಮಾಡಿದೆ, ಚೆಕ್ ಮಾಡಿದೆ. ಇಂಗ್ಲಿಷಿನಲ್ಲಿ ಎಲ್ಲ ಕಡೆ "ಡಿಡ್" ಬರೆದರೆ ಮಗು ಬರೆದ ಹಾಗೆ ಕಾಣುತ್ತದೆ. ಪ್ರತಿ ಕೆಲಸಕ್ಕೂ ಅದರದೇ ಕ್ರಿಯಾಪದ ಬೇಕು: ಹೊಸದಾಗಿ ಹಾಕಿದ್ದಕ್ಕೆ ಇನ್‌ಸ್ಟಾಲ್ಡ್, ಸರಿ ಮಾಡಿದ್ದಕ್ಕೆ ರಿಪೇರ್ಡ್, ಮೀಟರ್ ಹಿಡಿದು ನೋಡಿದ್ದಕ್ಕೆ ಟೆಸ್ಟೆಡ್.

ಆದರೆ ನಿಜವಾದ ಅಪಾಯ "ಮಾಡಿದೆ"ಗೂ "ಮಾಡಿಸಿದೆ"ಗೂ ನಡುವೆ ಇದೆ. ಕನ್ನಡದಲ್ಲಿ ಒಂದೇ ಒಂದು "ಇಸು" ಸೇರಿದರೆ ಕೆಲಸಗಾರ ಮೇಲ್ವಿಚಾರಕ ಆಗಿಬಿಡುತ್ತಾನೆ. ಇಂಗ್ಲಿಷಿಗೆ ಹೋಗುವಾಗ ಆ "ಇಸು" ಉದುರಿಹೋಗುತ್ತದೆ. ಹುಡುಗನ ಹಾಳೆಯಲ್ಲಿ "ಮಂಗಳೂರಲ್ಲಿ ಫ್ಲ್ಯಾಟ್ ವೈರಿಂಗ್ ಮಾಡಿಸಿದ್ದೇನೆ" ಎಂದಿತ್ತು. ಹಳೆಯ ಇಂಗ್ಲಿಷ್ ಹಾಳೆಯಲ್ಲಿ ಅದು ಬರೀ "ಡಿಡ್ ವೈರಿಂಗ್" ಆಗಿತ್ತು. ನಾಲ್ಕು ಹುಡುಗರನ್ನು ಇಟ್ಟುಕೊಂಡು ನಾಲ್ಕು ವರ್ಷ ಮಾಡಿದ ಮೇಲ್ವಿಚಾರಣೆ ಒಂದು ಅಕ್ಷರದ ಜೊತೆ ಹೊರಟುಹೋಗಿತ್ತು.

"ನೋಡಿಕೊಳ್ಳುತ್ತಿದ್ದೆ" ಅನ್ನುವುದು ಇನ್ನೂ ಕಷ್ಟ. ಜನರೇಟರ್ ನೋಡಿಕೊಳ್ಳುತ್ತಿದ್ದೆ ಅಂದರೆ ಆನ್ ಆಫ್ ಮಾಡುತ್ತಿದ್ದೆ ಅಂತಲೋ, ಆಯಿಲ್ ಫಿಲ್ಟರ್ ಬದಲಿಸಿ ಸರ್ವಿಸ್ ಮಾಡುತ್ತಿದ್ದೆ ಅಂತಲೋ, ರಾತ್ರಿ ಕಾವಲಿದ್ದೆ ಅಂತಲೋ? ಮೊದಲನೆಯದು ಆಪರೇಟೆಡ್, ಎರಡನೆಯದು ಮೇಂಟೇನ್ಡ್. ಮೂರನೆಯದು ಎಲೆಕ್ಟ್ರಿಷಿಯನ್ ಕೆಲಸವೇ ಅಲ್ಲ. ನಾನು ಪ್ರತಿ ಸಲ ಕೇಳುತ್ತೇನೆ: "ನೋಡಿಕೊಳ್ಳೋದು ಅಂದ್ರೆ ಕೈಯಲ್ಲಿ ಏನು ಹಿಡಿದಿದ್ದೆ?" ಕೈಯಲ್ಲಿ ಹಿಡಿದ ವಸ್ತು ಗೊತ್ತಾದರೆ ಕ್ರಿಯಾಪದ ತಾನಾಗಿ ಬರುತ್ತದೆ.

"ನಾವು ಮಾಡಿದೆವು" ಅನ್ನುವವರು ತಮ್ಮ ಪಾಲು ಎಷ್ಟು ಎಂದು ಹೇಳಬೇಕು. ಸಹಾಯಕನಾಗಿದ್ದರೆ ಅಸಿಸ್ಟೆಡ್. ಸಮವಾಗಿ ಮಾಡಿದ್ದರೆ ಎಷ್ಟು ಜನರ ಗುಂಪು ಎಂದು ಬರೆದರೆ ಸಾಕು.

ಹುದ್ದೆಯ ಹೆಸರನ್ನು ಹುಡುಕುವುದು

ಹತ್ತು ಸಾಲು ಬಿಡಿಸಿ ಬರೆದ ಮೇಲೆ ಹೆಸರು ಹುಡುಕುವುದು ಸುಲಭ. ಮೊದಲು ನೋಡಬೇಕಾದದ್ದು ನೀವು ಅರ್ಜಿ ಹಾಕುವ ಜಾಹೀರಾತು. ಅಲ್ಲಿ "ಬಿಲ್ಡಿಂಗ್ ಎಲೆಕ್ಟ್ರಿಷಿಯನ್" ಎಂದಿದ್ದರೆ, ನಿಮ್ಮ ಕೆಲಸ ಅದೇ ಆಗಿದ್ದರೆ, ಅದನ್ನೇ ಬರೆಯಿರಿ. ನೂರಾರು ರೆಸ್ಯೂಮೆ ನೋಡುವವರ ಕಣ್ಣು ಆ ಪದವನ್ನೇ ಹುಡುಕುತ್ತಿರುತ್ತದೆ.

ಜಾಹೀರಾತು ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜಗತ್ತಿನ ಎಲ್ಲ ಕಸುಬುಗಳನ್ನು ವಿಂಗಡಿಸಿ ಒಂದು ಪಟ್ಟಿ ಮಾಡಿದೆ. 2008ರ ಆವೃತ್ತಿಗೆ ಐಎಸ್‌ಸಿಒ-08 ಎಂದು ಹೆಸರು. ನಮ್ಮ ದೇಶದ 2015ರ ಉದ್ಯೋಗ ವರ್ಗೀಕರಣವೂ ಅದನ್ನೇ ಆಧರಿಸಿದೆ. ಪಟ್ಟಿಯಲ್ಲಿ ಪ್ರತಿ ಕಸುಬಿಗೂ ನಾಲ್ಕು ಅಂಕಿಯ ನಂಬರ್ ಇದೆ, ಆ ಕಸುಬಿನವರು ಏನೇನು ಮಾಡುತ್ತಾರೆ ಎಂಬ ವಿವರವೂ ಇದೆ. ಹೀಗೆ ಹುಡುಕಿ ನೋಡಿ:

```
ISCO-08 7411
```

7411 ಅಂದರೆ ಕಟ್ಟಡದ ವೈರಿಂಗ್ ಮಾಡುವವರು. 7412 ಮೋಟರ್, ಯಂತ್ರಗಳ ವಿದ್ಯುತ್ ಕೆಲಸ ಮಾಡುವವರು. 7413 ಕಂಬ, ಲೈನ್, ಕೇಬಲ್ ಎಳೆಯುವವರು. ನಮ್ಮಲ್ಲಿ ಮೂವರೂ "ಕರೆಂಟ್ ಕೆಲಸದವರು". ಅಡಿಕೆ ತೋಟದ ಪಂಪ್‌ಸೆಟ್ ರಿಪೇರಿ ಮಾಡುವವನನ್ನೂ ಮನೆ ವೈರಿಂಗ್ ಮಾಡುವವನನ್ನೂ ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ, ಅಲ್ವಾ? ವಿವರವನ್ನು ಓದಿ ನಿಮ್ಮ ಹತ್ತು ಸಾಲುಗಳ ಜೊತೆ ಹೋಲಿಸಿ. ಜಾಸ್ತಿ ಸಾಲು ಎಲ್ಲಿ ಹೊಂದುತ್ತದೋ ಅದೇ ನಿಮ್ಮ ಹೆಸರು. ನಂಬರನ್ನು ರೆಸ್ಯೂಮೆಯಲ್ಲಿ ಹಾಕಬೇಕಾಗಿಲ್ಲ.

ಹುಡುಗನ ಹತ್ತರಲ್ಲಿ ಎಂಟು ಸಾಲು 7411ಕ್ಕೆ ಹೊಂದಿತು. ಹಾಗಾಗಿ ಅವನು ಬಿಲ್ಡಿಂಗ್ ಎಲೆಕ್ಟ್ರಿಷಿಯನ್. ಕೊನೆಯ ನಾಲ್ಕು ವರ್ಷಕ್ಕೆ ಚಾರ್ಜ್‌ಹ್ಯಾಂಡ್ ಎಂದು ಸೇರಿಸಿದೆವು. ಇದು ಗಲ್ಫಿನ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಕಾಣುವ ಪದ. ತಾನೂ ಕೈಯಲ್ಲಿ ಕೆಲಸ ಮಾಡುತ್ತಾ ನಾಲ್ಕೈದು ಜನರನ್ನು ನಡೆಸುವವನು ಎಂದರ್ಥ. ನಮ್ಮ ಸಣ್ಣ ಮೇಸ್ತ್ರಿಗೆ ಇಷ್ಟು ಚೆನ್ನಾಗಿ ಹೊಂದುವ ಇನ್ನೊಂದು ಪದ ನನಗೆ ಸಿಕ್ಕಿಲ್ಲ.

"ಸೂಪರ್‌ವೈಸರ್ ಅಂತ ಹಾಕಿ ಅಕ್ಕಾ, ಸಂಬಳ ಜಾಸ್ತಿ ಸಿಗ್ತದೆ" ಎಂದ. ನಾನು ಒಪ್ಪಲಿಲ್ಲ. ಸೂಪರ್‌ವೈಸರ್ ಎಂದರೆ ಡ್ರಾಯಿಂಗ್ ಓದಬೇಕು, ಸಾಮಾನಿನ ಲೆಕ್ಕ ಬರೆದು ಕೊಡಬೇಕು, ಇಂಗ್ಲಿಷಿನಲ್ಲಿ ರಿಪೋರ್ಟ್ ಬರೆಯಬೇಕು. ಮೇಲಿನ ಹುದ್ದೆಗೆ ಅಟೆಸ್ಟ್ ಆದ ಡಿಪ್ಲೊಮಾವನ್ನೋ ಡಿಗ್ರಿಯನ್ನೋ ಕೇಳುತ್ತಾರೆ. ಸೌದಿಗೆ ಎಲೆಕ್ಟ್ರಿಷಿಯನ್ ಆಗಿ ಹೋಗುವವರು ಇಲ್ಲೇ ಕೌಶಲ ಪರೀಕ್ಷೆ ಬರೆಯಬೇಕು, ಅದರಲ್ಲಿ ಕೈಯಾರೆ ಮಾಡಿ ತೋರಿಸುವ ಭಾಗವೂ ಇದೆ. ಹೆಸರು ಮೇಲೆ ಹಾಕಿದಷ್ಟೂ ಪ್ರಶ್ನೆಯೂ ಮೇಲಿನದೇ ಬರುತ್ತದೆ.

ಐಟಿಐ ಅನ್ನುವುದು ಸರ್ಟಿಫಿಕೇಟಿನ ಹೆಸರಲ್ಲ

ಓದಿನ ಭಾಗದಲ್ಲಿ ನಾನು ಕಾಣುವ ದೊಡ್ಡ ತಪ್ಪು ಇದು. ಐಟಿಐ ಎಂದರೆ ಇಂಡಸ್ಟ್ರಿಯಲ್ ಟ್ರೈನಿಂಗ್ ಇನ್‌ಸ್ಟಿಟ್ಯೂಟ್, ಅಂದರೆ ನೀವು ಕಲಿತ ಜಾಗ. ಅಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ಕೋರ್ಸ್ ಮುಗಿಸಿದರೆ ಕೈಗೆ ಬರುವುದು ನ್ಯಾಷನಲ್ ಟ್ರೇಡ್ ಸರ್ಟಿಫಿಕೇಟ್. ಅದನ್ನು ಡಿಪ್ಲೊಮಾ ಎಂದು ಬರೆಯುವುದು ತಪ್ಪು. ಡಿಪ್ಲೊಮಾ ಎಂದರೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಓದಿ ಪಡೆಯುವುದು. ಐಟಿಐ ನಂತರ ಅಪ್ರೆಂಟಿಸ್ ಮುಗಿಸಿ ಪರೀಕ್ಷೆ ಪಾಸಾದವರಿಗೆ ಬೇರೆಯೇ ಒಂದು ಸರ್ಟಿಫಿಕೇಟ್ ಇದೆ, ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್. ಅದನ್ನು ಬೇರೆ ಸಾಲಿನಲ್ಲಿ ಬರೆಯಿರಿ.

ಎಸ್ಸೆಸ್ಸೆಲ್ಸಿ, ಪ್ಲಸ್ ಟು, ಪಿಯುಸಿ ಎಂಬ ಹೆಸರುಗಳು ನಮಗೆ ನೀರು ಕುಡಿದಷ್ಟು ಸಲೀಸು. ಹೊರಗಿನವರಿಗೆ ಮೂರೂ ಒಗಟು. ಹಾಗೆಂದು ಹೆಸರು ಬದಲಿಸಬೇಡಿ. ಪೂರ್ತಿ ಹೆಸರನ್ನು ಬಿಡಿಸಿ ಬರೆದು, ಎಷ್ಟನೇ ತರಗತಿ ಎಂದು ಪಕ್ಕದಲ್ಲಿ ಹಾಕಿ. ಹುಡುಗನ ಓದು ಕೊನೆಗೆ ಹೀಗೆ ಬಂತು:

```
National Trade Certificate, Electrician (2 years)
Government ITI, Kasaragod, Kerala, India - 2017
Secondary School Leaving Certificate (Class 10)
Kerala State, India - 2015
```

ಗ್ರೇಡನ್ನು ಶೇಕಡಾಕ್ಕೆ ತಿರುಗಿಸುವ ಆಸೆ ಬೇಡ. ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ 2005ರಿಂದ ಗ್ರೇಡ್ ಇದೆ. ಸರ್ಟಿಫಿಕೇಟಿನಲ್ಲಿ ಬಿ ಪ್ಲಸ್ ಇದ್ದರೆ ಬಿ ಪ್ಲಸ್ ಎಂದೇ ಬರೆಯಿರಿ. ನೀವಾಗಿ 75 ಎಂದು ಹಾಕಿದರೆ ಅದಕ್ಕೆ ದಾಖಲೆ ಎಲ್ಲಿಂದ ತರುತ್ತೀರಿ?

ಗಡಿಯಲ್ಲಿರುವ ನಮಗೆ ಮಾತ್ರ ಇರುವ ಒಂದು ವಿಷಯವನ್ನು ಇಲ್ಲೇ ಹೇಳಬೇಕು. ಮಂಜೇಶ್ವರ, ಕುಂಬಳೆ ಕಡೆಯ ಎಷ್ಟೋ ಮಕ್ಕಳು ಹತ್ತನೇ ತರಗತಿ ಕೇರಳದಲ್ಲಿ ಓದಿ, ಪಿಯುಸಿಯನ್ನೋ ಡಿಗ್ರಿಯನ್ನೋ ಮಂಗಳೂರಿನಲ್ಲಿ ಮಾಡುತ್ತಾರೆ. ರೆಸ್ಯೂಮೆಯಲ್ಲಿ ಎಲ್ಲದಕ್ಕೂ "ಕಾಸರಗೋಡು, ಕೇರಳ" ಎಂದು ಬರೆದುಬಿಡುತ್ತಾರೆ. ಮುಂದೆ ಅಟೆಸ್ಟೇಷನ್ ಬಂದಾಗ ಪೇಚು. ಸರ್ಟಿಫಿಕೇಟನ್ನು ಯಾವ ರಾಜ್ಯ ಕೊಟ್ಟಿದೆಯೋ ಆ ರಾಜ್ಯದ ದೃಢೀಕರಣ ಮೊದಲು ಆಗಬೇಕು. ಕೇರಳದ ಸರ್ಟಿಫಿಕೇಟಿಗೆ ಅಲ್ಲಿನ ಸರಕಾರದ ನೋರ್ಕಾ ರೂಟ್ಸ್ ಎಂಬ ಸಂಸ್ಥೆ ಇದೆ, ನಮಗೆ ಹತ್ತಿರದ ಕೇಂದ್ರ ಕೋಝಿಕ್ಕೋಡಿನಲ್ಲಿ. ಕರ್ನಾಟಕದ ಸರ್ಟಿಫಿಕೇಟಿಗೆ ಕರ್ನಾಟಕದ ಕಡೆಯಿಂದಲೇ ಹೋಗಬೇಕು. ಆದ್ದರಿಂದ ಓದಿನ ಪ್ರತಿ ಸಾಲಿನಲ್ಲೂ ರಾಜ್ಯದ ಹೆಸರು ಇರಲಿ. ಕಂಪನಿಯವರಿಗೂ ಎಷ್ಟು ಸಮಯ ಬೇಕಾಗಬಹುದು ಎಂದು ಅಂದಾಜು ಸಿಗುತ್ತದೆ.

ವಯರ್‌ಮ್ಯಾನ್ ಪರ್ಮಿಟ್ ಇದ್ದವರು ಅದನ್ನು ಓದಿನ ಜೊತೆ ಸೇರಿಸದೆ "ಲೈಸೆನ್ಸ್" ಎಂದು ಬೇರೆ ಹಾಕಿ. ಕೊಟ್ಟ ಬೋರ್ಡಿನ ಹೆಸರು ಕಾರ್ಡಿನಲ್ಲಿ ಇರುವ ಹಾಗೇ ಇರಲಿ, ಯಾವ ತಾರೀಕಿನವರೆಗೆ ಎಂದೂ ಬರೆಯಿರಿ. ಆ ಪರ್ಮಿಟ್ ಹೊರದೇಶದಲ್ಲಿ ಕೆಲಸ ಮಾಡುವ ಅನುಮತಿ ಅಲ್ಲ. ಆದರೆ ನಿಮ್ಮ ಕೆಲಸವನ್ನು ಸರಕಾರಿ ಕಚೇರಿಯೊಂದು ಪರೀಕ್ಷೆ ಮಾಡಿದೆ ಅನ್ನುವುದಕ್ಕೆ ಅದು ಸಾಕ್ಷಿ.

ಎಂಟು ವರ್ಷವನ್ನು ಒಡೆದು ಬರೆದದ್ದು

ಹುಡುಗ "ಎಂಟು ವರ್ಷ ಅನುಭವ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದ. ಕೂರಿಸಿ ಕೇಳಿದಾಗ ಮೂರು ತುಂಡು ಸಿಕ್ಕಿತು. 2017ರ ಸೆಪ್ಟೆಂಬರಿನಿಂದ ಒಂದು ವರ್ಷ ಕುಂಬಳೆಯ ಒಬ್ಬ ಕಂಟ್ರಾಕ್ಟರ ಹತ್ತಿರ ಹೆಲ್ಪರ್. ಆಮೇಲೆ ಮೂರು ವರ್ಷ ಅಲ್ಲೇ ಮನೆ ವೈರಿಂಗ್ ಮತ್ತು ತೋಟದ ಪಂಪ್ ಕೆಲಸ. 2021ರ ಸೆಪ್ಟೆಂಬರಿನಿಂದ ನಾಲ್ಕು ವರ್ಷ ಮಂಗಳೂರಿನ ಫ್ಲ್ಯಾಟುಗಳಲ್ಲಿ. ಹೆಲ್ಪರ್ ಆಗಿದ್ದ ವರ್ಷವನ್ನು ಮುಚ್ಚಿಡಬೇಕಾಗಿಲ್ಲ, ಆದರೆ ಎಲೆಕ್ಟ್ರಿಷಿಯನ್ ಅನುಭವದ ಲೆಕ್ಕಕ್ಕೆ ಸೇರಿಸಬಾರದು. ಹಾಗಾಗಿ ಮೇಲ್ಗಡೆ ಏಳು ವರ್ಷ ಎಂದು ಬರೆದೆವು. ಇತ್ತೀಚಿನ ಕೆಲಸ ಮೊದಲು ಬರಬೇಕು.

ಮಂಗಳೂರಿನ ಬಗ್ಗೆ ಹತ್ತು ಸಾಲಿನಲ್ಲಿ ಅವನು ಬರೆದದ್ದು ಇಷ್ಟು: "ದೊಡ್ಡ ಫ್ಲ್ಯಾಟಿನ ಎಲ್ಲಾ ವೈರಿಂಗ್ ಕೆಲಸ ನಾಲ್ಕು ಜನರನ್ನು ಇಟ್ಟುಕೊಂಡು ಮಾಡಿಸಿರುತ್ತೇನೆ." ದೊಡ್ಡದು ಅಂದರೆ ಎಷ್ಟು? ಐದು ಮಹಡಿ, ಇಪ್ಪತ್ತು ಮನೆ. ಎಲ್ಲಾ ವೈರಿಂಗ್ ಅಂದರೆ? ಗೋಡೆ ಕೊರೆದು ಪೈಪ್ ಇಡುವುದು, ವೈರ್ ಎಳೆಯುವುದು, ಡಿಬಿ ಕೂರಿಸುವುದು, ಕೊನೆಗೆ ಮೆಗ್ಗರ್ ಹಾಕಿ ನೋಡುವುದು. ಅದು ಹೀಗಾಯಿತು:

```
Electrical Chargehand, Mangaluru, India
September 2021 - August 2025
- Led a team of 4 on a 5-storey, 20-flat building
- Installed concealed conduits, wiring and distribution boards
- Carried out insulation resistance and earthing tests
```

ಇಲ್ಲಿ "ನಾನು" ಎಂಬ ಪದವೇ ಇಲ್ಲ ನೋಡಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ರೆಸ್ಯೂಮೆಯ ಇಂಗ್ಲಿಷಿನಲ್ಲಿ ಅದೇ ಮೊದಲು ಬರಬೇಕು. ಮೆಗ್ಗರ್ ಎಂಬುದು ಮಾತಿನಲ್ಲಿ ಎಲ್ಲರಿಗೂ ಗೊತ್ತು, ಆದರೆ ಅದು ಉಪಕರಣದ ಹೆಸರು. ರೆಸ್ಯೂಮೆಯಲ್ಲಿ ಪರೀಕ್ಷೆಯ ಹೆಸರೇ ಇರಲಿ. ನಾವು ಅರ್ಥಿಂಗ್ ಅನ್ನುವುದು ಗಲ್ಫಿನಲ್ಲೂ ನಡೆಯುತ್ತದೆ. ಅಮೆರಿಕ, ಕೆನಡಾಕ್ಕೆ ಕಳಿಸುವುದಾದರೆ ಅದನ್ನು ಗ್ರೌಂಡಿಂಗ್ ಎಂದು ಬದಲಿಸಿ.

ಅಳತೆಗಳನ್ನೂ ತಿರುಗಿಸಬೇಕು. ಮನೆಯ ಜಾಗವನ್ನು ಸೆಂಟ್ಸ್ ಲೆಕ್ಕದಲ್ಲಿ ಬರೆದರೆ ಅಲ್ಲಿ ಯಾರಿಗೂ ತಿಳಿಯದು. 2,400 ಚದರ ಅಡಿಯ ಮನೆ ಎಂದರೆ ಸುಮಾರು 223 ಚದರ ಮೀಟರ್. ತೋಟದ ಐದು ಎಚ್‌ಪಿ ಪಂಪ್ ಎಂದರೆ ಸುಮಾರು 3.7 ಕಿಲೋವ್ಯಾಟ್. "15 ಲಕ್ಷದ ಕೆಲಸ" ಎಂದು ಬರೆಯುವವರು ಲಕ್ಷವನ್ನು ಬಿಟ್ಟು 1.5 ಮಿಲಿಯನ್ ರೂಪಾಯಿ ಎಂದು ಬರೆಯಬೇಕು.

ತಾರೀಕಿನಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 05/06 ಎಂದರೆ ಕೆಲವು ದೇಶಗಳಲ್ಲಿ ಜೂನ್ 5, ಇನ್ನು ಕೆಲವು ಕಡೆ ಮೇ 6.

ಹೆಸರು, ಊರು, ಭಾಷೆ

ನಮ್ಮ ಸರ್ಟಿಫಿಕೇಟುಗಳಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಒಂದಕ್ಷರದ ಇನಿಷಿಯಲ್ ಇರುತ್ತದೆ. ಕೆಲವೊಮ್ಮೆ ಅದು ಅಪ್ಪನ ಹೆಸರು, ಕೆಲವೊಮ್ಮೆ ಮನೆಯ ಹೆಸರು. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬಂದಿರುತ್ತದೆ. ರೆಸ್ಯೂಮೆಯಲ್ಲಿ ಪಾಸ್‌ಪೋರ್ಟಿನಲ್ಲಿ ಇರುವ ಹೆಸರೇ ಇರಲಿ, ಒಂದು ಅಕ್ಷರವೂ ಆಚೀಚೆ ಆಗದ ಹಾಗೆ. ಊರಿನ ಹೆಸರಿಗೂ ಇದೇ ಮಾತು. ಮಂಜೇಶ್ವರ, ಮಧೂರು, ಹೊಸದುರ್ಗ ಇವನ್ನೆಲ್ಲ ಕನ್ನಡದ ರೀತಿಯಲ್ಲಿ ಒಂದು ಬಗೆ, ಮಲಯಾಳದ ರೀತಿಯಲ್ಲಿ ಇನ್ನೊಂದು ಬಗೆ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಯಾವುದು ಸರಿ ಎಂಬ ಚರ್ಚೆ ನನಗೂ ಇಷ್ಟ, ಆದರೆ ಇಲ್ಲಿ ಪಾಸ್‌ಪೋರ್ಟ್ ಹೇಳಿದ್ದೇ ಸರಿ.

ಜಾತಿ, ಅಪ್ಪನ ಉದ್ಯೋಗ, ಕೊನೆಯ "ಮೇಲಿನ ಮಾಹಿತಿ ಸತ್ಯವೆಂದು ಪ್ರಮಾಣೀಕರಿಸುತ್ತೇನೆ" ಇವೆಲ್ಲ ಬೇಡ. ಪಾಸ್‌ಪೋರ್ಟ್ ನಂಬರನ್ನು ಮೊದಲ ಸಲವೇ ಎಲ್ಲರಿಗೂ ಕಳಿಸಬೇಡಿ, ಯಾವಾಗಿನವರೆಗೆ ಚಾಲ್ತಿ ಎಂದಷ್ಟೇ ಸಾಕು.

ಭಾಷೆಯ ಸಾಲನ್ನು ಮಾತ್ರ ಸುಮ್ನೆ ಮುಗಿಸಬೇಡಿ. ಹುಡುಗ "ಕನ್ನಡ, ಇಂಗ್ಲಿಷ್" ಎಂದು ಬರೆದಿದ್ದ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಸೈಟಿನಲ್ಲಿ ಹಿಂದಿ. ಗಲ್ಫಿನ ಸೈಟುಗಳಲ್ಲಿ ಮಲಯಾಳವೂ ಹಿಂದಿಯೂ ದಿನಾ ಬೇಕಾಗುವ ಭಾಷೆಗಳು. ನಾಲ್ಕು ಜನರನ್ನು ನಡೆಸುವವನಿಗಂತೂ ಅದು ನೇರವಾದ ಅರ್ಹತೆ. ಪ್ರತಿ ಭಾಷೆಯ ಮುಂದೆ ಮಾತಾಡಲು ಬರುತ್ತದೋ, ಓದಲು ಬರೆಯಲೂ ಬರುತ್ತದೋ ಎಂದು ಬರೆದೆವು.

ಜೊತೆಗೆ ಕೊಡುವ ಕಾಗದ

ರೆಸ್ಯೂಮೆಯನ್ನು ಹೀಗೆ ಬಿಡಿಸಿ ಬರೆಯಬಹುದು. ಅನುಭವದ ಸರ್ಟಿಫಿಕೇಟನ್ನು ಹಾಗೆ ಮಾಡುವಂತಿಲ್ಲ. ಕಂಟ್ರಾಕ್ಟರು ಕನ್ನಡದಲ್ಲಿ ಬರೆದುಕೊಟ್ಟದ್ದನ್ನು ಸಾಲಿಗೆ ಸಾಲು, ಸೀಲಿನಲ್ಲಿರುವ ಅಕ್ಷರದ ಸಮೇತ ಅನುವಾದಿಸಬೇಕು. ಕೇಳಿದರೆ ಅನುವಾದಕರ ಸಹಿ, ನೋಟರಿ ಕೂಡ ಬೇಕಾಗುತ್ತದೆ. ಕಂಟ್ರಾಕ್ಟರು ಊರಲ್ಲೇ ಇದ್ದರೆ ಸುಲಭದ ದಾರಿ ಬೇರೆ ಇದೆ: ಇಂಗ್ಲಿಷಿನಲ್ಲೇ ಹೊಸದಾಗಿ ಬರೆದುಕೊಡಲು ಕೇಳಿ. ಲೆಟರ್‌ಹೆಡ್, ಕೆಲಸದ ಹೆಸರು, ಸೇರಿದ ಮತ್ತು ಬಿಟ್ಟ ತಾರೀಕು, ಫೋನ್ ನಂಬರ್, ಸಹಿ, ಸೀಲು ಇಷ್ಟಿರಲಿ. ತಾರೀಕು ರೆಸ್ಯೂಮೆಯ ಜೊತೆ ಹೊಂದಬೇಕು.

ಕಳಿಸುವ ಮೊದಲು ಬಾಯಿಬಿಟ್ಟು ಓದಿಸಿ

ಎರಡು ಪುಟ ಮೀರಬಾರದು, ಪಿಡಿಎಫ್ ಆಗಿರಬೇಕು. ಅದಕ್ಕೂ ಮೊದಲು ನಾನು ಒಂದು ಕೆಲಸ ಮಾಡಿಸುತ್ತೇನೆ. ಇಂಗ್ಲಿಷಿನ ಪ್ರತಿ ಸಾಲನ್ನೂ ಅವರಿಂದಲೇ ಓದಿಸಿ, "ಇದು ಏನು, ಹೇಗೆ ಮಾಡ್ತೀ?" ಎಂದು ಕನ್ನಡದಲ್ಲೇ ಕೇಳುತ್ತೇನೆ. ಇಂಟರ್‌ವ್ಯೂನಲ್ಲಿ ಕೇಳುವುದು ಅದನ್ನೇ.

ಹುಡುಗ ಓದುತ್ತಾ ಬಂದ. ಕಾಂಡ್ಯೂಟ್ ಬಗ್ಗೆ ಕೇಳಿದರೆ ಯಾವ ಅಳತೆಯ ಪೈಪ್, ಎಲ್ಲಿ ಬೆಂಡ್ ಎಂದು ಪಟಪಟ ಹೇಳಿದ. ಮೆಗ್ಗರ್ ಹಾಕುವ ಮೊದಲು ಮೈನ್ ಆಫ್ ಮಾಡಿ, ಬಲ್ಬು ತೆಗೆದು, ಯಾವ ವೈರಿಗೂ ಯಾವ ವೈರಿಗೂ ನಡುವೆ ನೋಡಬೇಕು ಎಂದು ಕೈಯಲ್ಲೇ ತೋರಿಸಿದ. ಕೊನೆಯಲ್ಲಿ ಹಳೆಯ ಹಾಳೆಯಿಂದ ಉಳಿದುಬಂದಿದ್ದ ಒಂದು ಸಾಲಿತ್ತು, ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಪಿಎಲ್‌ಸಿ ಪ್ಯಾನೆಲ್ ಬಗ್ಗೆ. ಅದನ್ನು ಓದಿ ಸುಮ್ಮನಾದ. "ಅದು ನಾನು ಬರೆದದ್ದಲ್ಲ ಅಕ್ಕಾ, ಅವರು ಹಾಕಿದ್ದು" ಎಂದ.

ಆ ಸಾಲನ್ನು ಅಳಿಸಿ ಪಿಡಿಎಫ್ ಮಾಡಿಕೊಟ್ಟೆ.